ಟಿಕ್ ಬೇಡ, ಅಂಕಿ ಬರೆಯಿರಿ: ವಾರ್ಡಿನ ಕ್ರ್ಯಾಶ್ ಕಾರ್ಟ್ ದಿನದ ತಪಾಸಣೆ

ಯಾವುದಾದರೂ ವಾರ್ಡಿನ ಕ್ರ್ಯಾಶ್ ಕಾರ್ಟ್ ರಿಜಿಸ್ಟರ್ ತೆಗೆದು ನೋಡಿ. ತಿಂಗಳ ಮೂವತ್ತು ಮನೆಗಳಲ್ಲೂ ಒಂದೇ ಪೆನ್ನಿನ, ಒಂದೇ ಓರೆಯ ಟಿಕ್ ಬಿದ್ದಿದ್ದರೆ ಅದು ಇನ್‌ಸ್ಪೆಕ್ಷನ್ ಹಿಂದಿನ ದಿನ ಕೂತು ತುಂಬಿದ್ದು ಎಂದು ಯಾವ ಸಿಸ್ಟರ್‌ಗೂ ಬಿಡಿಸಿ ಹೇಳಬೇಕಿಲ್ಲ. ತಪ್ಪು ಬರೀ ಮನುಷ್ಯರದ್ದಲ್ಲ, ಫಾರಂದೂ ಹೌದು. ಟಿಕ್ ಹಾಕಲು ಕಾರ್ಟ್ ಹತ್ತಿರ ಹೋಗಬೇಕಾಗಿಲ್ಲ. ಅದೇ ಮನೆಯಲ್ಲಿ ಸೀಲ್ ನಂಬರ್, ಸಿಲಿಂಡರ್ ಪ್ರೆಶರ್, ಮೊದಲು ಎಕ್ಸ್‌ಪೈರಿ ಆಗುವ ಔಷಧದ ತಿಂಗಳು ಬರೆಯಿರಿ ಎಂದರೆ ಎದ್ದು ಹೋಗಿ ನೋಡಲೇಬೇಕು. ಆದ್ದರಿಂದ ಫಾರಂನಲ್ಲಿ ಎಲ್ಲೆಲ್ಲಿ ಅಂಕಿ ಬರೆಸಲು ಸಾಧ್ಯವೋ ಅಲ್ಲೆಲ್ಲ ಟಿಕ್ ಕಾಲಂ ತೆಗೆದುಬಿಡಿ.

ಇನ್ನೊಂದು ವಿಷಯ ಮೊದಲೇ ಇತ್ಯರ್ಥವಾಗಬೇಕು: ಕಾರ್ಟಿನ ಯಾವ ಭಾಗ ಸೀಲ್ ಒಳಗೆ, ಯಾವುದು ಹೊರಗೆ. ನಂಬರ್ ಇರುವ ಪ್ಲಾಸ್ಟಿಕ್ ಸೀಲ್ ಒಡೆದಿಲ್ಲ ಎಂದರೆ ಒಳಗಿನದ್ದನ್ನು ಯಾರೂ ತೆಗೆದಿಲ್ಲ ಎಂದಷ್ಟೇ ಅರ್ಥ. ಒಳಗಿನದ್ದು ಕೆಲಸ ಮಾಡುತ್ತದೆ ಎಂದಲ್ಲ. ಆಂಪ್ಯೂಲ್, ಐವಿ ಕ್ಯಾನುಲಾ, ಪ್ಯಾಕ್ ಒಡೆಯದ ಇಟಿ ಟ್ಯೂಬ್ ಸೀಲ್ ಒಳಗೆ ಸುಮ್ಮನೆ ಇದ್ದರೆ ಕೆಡುವುದಿಲ್ಲ, ಅವುಗಳಿಗೆ ತಾರೀಖು ಒಂದೇ ಶತ್ರು. ಬ್ಯಾಟರಿ, ಲ್ಯಾರಿಂಗೋಸ್ಕೋಪ್ ಸೆಲ್, ಅಂಬು ಬ್ಯಾಗಿನ ವಾಲ್ವ್, ಆಕ್ಸಿಜನ್ ಸಿಲಿಂಡರ್ ಹಾಗಲ್ಲ, ಯಾರೂ ಮುಟ್ಟದಿದ್ದರೂ ಕೈಕೊಡುತ್ತವೆ. ಲ್ಯಾರಿಂಗೋಸ್ಕೋಪನ್ನು ಸೀಲ್ ಒಳಗಿಟ್ಟ ವಾರ್ಡುಗಳಲ್ಲಿ ಅದರ ಬಲ್ಬ್ ಉರಿಸಿ ನೋಡುವವರೇ ಇರುವುದಿಲ್ಲ. ಸೀಲ್ ಒಡೆಯಲು ಯಾರಿಗೆ ಮನಸ್ಸು ಬರುತ್ತದೆ? ಅದನ್ನೂ ಅಂಬು ಬ್ಯಾಗನ್ನೂ ಮೇಲಿನ ಟ್ರೇಯಲ್ಲಿ, ಸೀಲ್ ಇಲ್ಲದೆ, ಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು.

ಔಷಧದ ಡ್ರಾಯರ್

ದಿನಾ ಡ್ರಾಯರ್ ತೆಗೆದು ನೂರು ಆಂಪ್ಯೂಲ್ ತಿರುಗಿಸಿ ನೋಡಿ ಎಂದರೆ ಯಾರೂ ಮಾಡುವುದಿಲ್ಲ, ಮಾಡಲೂಬಾರದು. ಸೀಲ್ ಪಕ್ಕದಲ್ಲಿ ಒಂದು ಚೀಟಿ ತೂಗುಹಾಕಿ. ಅದರಲ್ಲಿ ಒಳಗಿರುವುದರಲ್ಲೆಲ್ಲ ಮೊದಲು ಎಕ್ಸ್‌ಪೈರಿ ಆಗುವುದರ ಹೆಸರು ಮತ್ತು ತಿಂಗಳು ಇರಲಿ. ಬೆಳಗಿನ ಸಿಸ್ಟರ್ ಸೀಲ್ ನಂಬರ್ ನಿನ್ನೆಯದ್ದೇ ಎಂದು ತಾಳೆ ನೋಡಿ, ಚೀಟಿಯ ತಿಂಗಳು ಬರೆದರೆ ಔಷಧದ ಕೆಲಸ ಮುಗಿಯಿತು. ನಂಬರ್ ತಾಳೆಯಾಗದಿದ್ದರೆ ಮಾತ್ರ ಪೂರ್ತಿ ಡ್ರಾಯರ್ ಎಣಿಸಬೇಕು. ಲೇಬಲ್ ಮೇಲೆ 08/2026 ಎಂದಿದ್ದರೆ ನಮ್ಮ ದೇಶದ ನಿಯಮದಂತೆ ಆ ಆಗಸ್ಟ್ ತಿಂಗಳ ಕೊನೆಯ ದಿನದವರೆಗೂ ಅದು ನಡೆಯುತ್ತದೆ. ಒಂದನೇ ತಾರೀಖಿಗೇ ಎಸೆಯಬೇಕಿಲ್ಲ.

ಈ ಚೀಟಿ ಪದ್ಧತಿ ಎಲ್ಲಿ ಮೋಸ ಮಾಡುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲೇ ನೋಡೋಣ. ಸೀಲ್ ನಂಬರ್ 004518, ಚೀಟಿಯಲ್ಲಿ 'ಕ್ಯಾಲ್ಸಿಯಂ ಗ್ಲುಕೋನೇಟ್, 11/2026' ಎಂದಿದೆ ಎಂದಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಒಂದು ರಾತ್ರಿ ಕೋಡ್ ಆಗುತ್ತದೆ, ಹತ್ತು ಅಡ್ರಿನಲಿನ್‌ನಲ್ಲಿ ನಾಲ್ಕು ಖರ್ಚಾಗುತ್ತವೆ. ಬೆಳಿಗ್ಗೆ ಇಂಡೆಂಟ್ ಹಾಕಿದಾಗ ಫಾರ್ಮಸಿಯಿಂದ ನಾಲ್ಕು ಬರುತ್ತವೆ, ಅವುಗಳ ಎಕ್ಸ್‌ಪೈರಿ 08/2026. ಎಣಿಕೆ ಹತ್ತಾಯಿತು, ಹೊಸ ಸೀಲ್ 004519 ಬಿತ್ತು, ಹಳೆಯ ಚೀಟಿ ಹಾಗೇ ಉಳಿಯಿತು. ಸೆಪ್ಟೆಂಬರ್ ಒಂದರಿಂದ ನವೆಂಬರ್ ಕೊನೆಯವರೆಗೆ ದಿನಾ ಸೀಲ್ ಸರಿ, ಚೀಟಿ ಸರಿ, ರಿಜಿಸ್ಟರ್ ಸರಿ. ಒಳಗಿನ ಹತ್ತು ಅಡ್ರಿನಲಿನ್‌ನಲ್ಲಿ ನಾಲ್ಕು ಮಾತ್ರ ಅವಧಿ ಮುಗಿದವು. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ ನೋಡಿ.

ಇದಕ್ಕೆ ಮದ್ದು ತುಂಬುವ ಹೊತ್ತಿನಲ್ಲೇ ಇದೆ. ಹೊಸದಾಗಿ ಬಂದ ಪ್ರತಿಯೊಂದರ ಎಕ್ಸ್‌ಪೈರಿಯನ್ನು ಇಂಡೆಂಟ್ ಪಕ್ಕದಲ್ಲೇ ಬರೆದು, ಚೀಟಿಯ ತಿಂಗಳಿಗಿಂತ ಮುಂಚಿನದು ಇದ್ದರೆ ಚೀಟಿ ಬದಲಿಸಿ 'ಅಡ್ರಿನಲಿನ್ 4, 08/2026' ಎಂದು ಬರೆಯಬೇಕು. ಚೀಟಿ ಹೊಸದಾಗಿ ಬರೆಯದೆ ಸೀಲ್ ಹಾಕುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿ. ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಎಂದು ಕಣ್ಣುಮುಚ್ಚಿ ಇಡಬೇಡಿ. ಈ ಲೆಕ್ಕದಲ್ಲಿ ಹೊಸದಾಗಿ ಬಂದದ್ದೇ ಮೊದಲು ಮುಗಿಯುವುದು, ಅದೇ ಮುಂದೆ ಬರಬೇಕು. ಎರಡು ತಿಂಗಳು ಮುಂಚೆ, ಅಂದರೆ ಜುಲೈ ಮೊದಲ ವಾರದಲ್ಲಿ, ಆ ನಾಲ್ಕನ್ನೂ ಕ್ಯಾಶುಯಲ್ಟಿಗೆ ಕೊಟ್ಟು ಬದಲಿ ತಂದರೆ ಅಲ್ಲಿ ಖರ್ಚಾಗುತ್ತವೆ, ಔಷಧವೂ ದಂಡವಾಗುವುದಿಲ್ಲ.

ಎಣಿಕೆಯನ್ನು ಡೋಸಿನ ಲೆಕ್ಕದಲ್ಲೇ ನಿಗದಿ ಮಾಡಬೇಕು. ಅಡ್ರಿನಲಿನ್ 1 ಮಿ.ಗ್ರಾಂ. ಅನ್ನು 3ರಿಂದ 5 ನಿಮಿಷಕ್ಕೊಮ್ಮೆ ಕೊಡುತ್ತಾರೆ. ಇಪ್ಪತ್ತು ನಿಮಿಷದ ಸಿಪಿಆರ್‌ಗೆ ಸುಮಾರು ನಾಲ್ಕರಿಂದ ಏಳು ಆಂಪ್ಯೂಲ್ ಬೇಕು, ಹಾಗಾಗಿ ಹತ್ತು ಇರುವುದು ಹೆಚ್ಚೇನಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಟ್ರೋಪಿನ್ ಆಂಪ್ಯೂಲ್ 0.6 ಮಿ.ಗ್ರಾಂ.ನದು. ಒಟ್ಟು ಮಿತಿ 3 ಮಿ.ಗ್ರಾಂ. ಎಂದರೆ ಐದು ಆಂಪ್ಯೂಲ್. ಎಷ್ಟೋ ಪಟ್ಟಿಗಳಲ್ಲಿ 'ಅಟ್ರೋಪಿನ್ 2' ಎಂದಿರುತ್ತದೆ, ಅದು ಎರಡನೇ ಡೋಸಿಗೇ ಸಾಲದು. ಅಮಿಯೊಡರೋನ್ ಕೂಡ ಹಾಗೆಯೇ: ಮೊದಲು 300, ಬೇಕಾದರೆ ಇನ್ನೊಮ್ಮೆ 150. ಆಂಪ್ಯೂಲ್ 150ರದ್ದಾದ್ದರಿಂದ ಒಬ್ಬ ರೋಗಿಗೇ ಮೂರು ಬೇಕು.

ಆಂಪ್ಯೂಲನ್ನು ಡಬ್ಬಿಯಿಂದ ತೆಗೆದು ಬಿಡಿಯಾಗಿ ಇಡುವ ಅಭ್ಯಾಸ ಬಿಡಿಸಿ. ಗಾಜಿನ ಮೇಲಿನ ಸಣ್ಣ ಅಕ್ಷರ ಸ್ಪಿರಿಟ್ ಹತ್ತಿಯ ಒಂದೆರಡು ಒರೆತಕ್ಕೆ ಮಾಸಿಹೋಗಬಹುದು. ತಾರೀಖು ಓದಲಾಗದ ಆಂಪ್ಯೂಲ್ ಎಕ್ಸ್‌ಪೈರಿ ಆದದ್ದಕ್ಕೆ ಸಮ, ತೆಗೆದುಹಾಕಿ. ಅಡ್ರಿನಲಿನ್‌ಗೆ ಬೆಳಕೂ ಆಗುವುದಿಲ್ಲ. ತಿಳಿನೀರಿನಂತಿರಬೇಕಾದದ್ದು ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ತಾರೀಖು ಎಷ್ಟೇ ಮುಂದಿದ್ದರೂ ಬಳಸುವಂತಿಲ್ಲ. ಪೊಟ್ಯಾಸಿಯಂ ಕ್ಲೋರೈಡ್ ಈ ಡ್ರಾಯರಿನಲ್ಲಿ ಕಂಡರೆ ಅವತ್ತೇ ಹೊರಗೆ ತೆಗೆಯಿರಿ. ಗಡಿಬಿಡಿಯಲ್ಲಿ ಬೇರೆ ಆಂಪ್ಯೂಲ್ ಎಂದು ಕೈಗೆ ಸಿಕ್ಕರೆ ಸರಿಪಡಿಸುವ ಅವಕಾಶ ಇರುವುದಿಲ್ಲ. ಸಕ್ಸಿನೈಲ್‌ಕೋಲಿನ್ ಫ್ರಿಜ್‌ನಲ್ಲಿದ್ದರೆ ಯಾವ ಫ್ರಿಜ್, ಯಾವ ತಟ್ಟೆ ಎಂದು ಕಾರ್ಟ್ ಮೇಲೆ ಬರೆದಿಡಿ.

ಡಿಫಿಬ್ರಿಲೇಟರ್: ಮೊದಲು ಪ್ಲಗ್ ಕೀಳಿ

ಮೊದಲು ನೋಡಬೇಕಾದದ್ದು ಗೋಡೆಯ ಸ್ವಿಚ್. ರೋಗಿಯ ಕಡೆಯವರು ಮೊಬೈಲ್ ಚಾರ್ಜ್ ಮಾಡಲು ಆ ಪಾಯಿಂಟ್ ಬಳಸಿ, ಆಮೇಲೆ ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕದೇ ಹೋಗಿರುತ್ತಾರೆ. ಪ್ಲಗ್ ಇದೆ, ಚಾರ್ಜ್ ಇಲ್ಲ. ಆದ್ದರಿಂದ ಪ್ಲಗ್ ನೋಡಿದರೆ ಸಾಲದು, ಮಷೀನಿನ ಮೇಲಿನ ಚಾರ್ಜಿಂಗ್ ದೀಪ ನೋಡಬೇಕು.

ಆಮೇಲೆ ಪ್ಲಗ್ ಕಿತ್ತು, ಬ್ಯಾಟರಿ ಮೇಲೆಯೇ ಟೆಸ್ಟ್ ಮಾಡಿ. ಕರೆಂಟ್ ಮೇಲೆ ಮಾಡಿದ ಟೆಸ್ಟ್ ಸತ್ತ ಬ್ಯಾಟರಿಯನ್ನು ಮುಚ್ಚಿಡುತ್ತದೆ. ಕೋಡ್ ಬಂದಾಗ ಕಾರ್ಟ್ ತಳ್ಳಿಕೊಂಡು ಹನ್ನೆರಡನೇ ಬೆಡ್ಡಿಗೆ ಹೋಗುವವರು ಪ್ಲಗ್ ಕಿತ್ತೇ ಹೋಗುತ್ತಾರೆ, ಬಣ್ಣ ಬಯಲಾಗುವುದು ಅಲ್ಲಿ. ಪ್ಯಾಡಲ್ ಇರುವ ಅನೇಕ ಮಾಡೆಲ್‌ಗಳಲ್ಲಿ ಟೆಸ್ಟ್ 30 ಜೂಲ್‌ನದು, ನಿಮ್ಮ ಮಷೀನಿನದ್ದು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಎರಡೂ ಪ್ಯಾಡಲ್ ತಮ್ಮ ಜಾಗದಲ್ಲಿ ಸರಿಯಾಗಿ ಕೂತಿರಬೇಕು. ಎನರ್ಜಿ ಆರಿಸಿ, ಚಾರ್ಜ್ ಒತ್ತಿ, ರೆಡಿ ಸದ್ದು ಬಂದ ಮೇಲೆ ಎರಡೂ ಪ್ಯಾಡಲ್‌ನ ಬಟನ್ ಒಟ್ಟಿಗೆ ಒತ್ತಿ. ಪ್ಯಾಡಲ್‌ಗಳನ್ನು ಒಂದಕ್ಕೊಂದು ತಾಗಿಸಿಯಾಗಲಿ ಗಾಳಿಯಲ್ಲಿ ಹಿಡಿದಾಗಲಿ ಡಿಸ್ಚಾರ್ಜ್ ಮಾಡಲೇಬಾರದು. ಪಾಸ್ ಎಂದು ಬಂದ ಪ್ರಿಂಟನ್ನು ರಿಜಿಸ್ಟರಿಗೆ ಅಂಟಿಸಿ, ಜೊತೆಗೆ ಪೆನ್ನಿನಲ್ಲೂ ಬರೆಯಿರಿ. ಥರ್ಮಲ್ ಕಾಗದ ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಪ್ರಿಂಟಿನ ತಾರೀಖು, ಸಮಯ ನಿಮ್ಮ ಗಡಿಯಾರಕ್ಕೆ ಹೊಂದುತ್ತದೆಯೇ ಎಂದೂ ನೋಡಿ, ಕೋಡ್ ಶೀಟ್ ಬರೆಯುವಾಗ ಅದೇ ಆಧಾರ.

ಪ್ಯಾಡಲ್ ತಿರುಗಿಸಿದಾಗ ಬೂದಿಬಣ್ಣದ ಒಣಗಿದ ಪದರ ಕಂಡರೆ ಅದು ಹಿಂದಿನ ಬಳಕೆಯ ಜೆಲ್. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಜೆಲ್ ಟ್ಯೂಬ್ ಹಿಂಡಿ ನೋಡಿ, ಬಾಯಿ ಗಟ್ಟಿಯಾಗಿರುವುದುಂಟು. ಅಂಟಿಸುವ ಪ್ಯಾಡ್ ಆದರೆ ಪ್ಯಾಕೆಟ್ ಒಡೆಯದೆ ತಾರೀಖು ಮಾತ್ರ ನೋಡಿ, ಒಮ್ಮೆ ಒಡೆದ ಪ್ಯಾಡಿನ ಜೆಲ್ ಒಣಗಿಹೋಗುತ್ತದೆ. ಕೊನೆಗೆ ಪ್ಲಗ್ ಸಿಕ್ಕಿಸಿ, ಸ್ವಿಚ್ ಹಾಕಿ, ದೀಪ ನೋಡಿ. ಟೆಸ್ಟ್ ಮಾಡಿದವರೇ ಪ್ಲಗ್ ಮರೆತು ಹೋಗುವುದು ಎಷ್ಟು ಸಾಮಾನ್ಯ ಎಂದರೆ ಫಾರಂನ ಕೊನೆಯ ಸಾಲನ್ನು ಇದಕ್ಕೇ ಮೀಸಲಿಡಬೇಕು. ಟೆಸ್ಟ್ ಫೇಲ್ ಆದರೆ 'ಬಳಸಬೇಡಿ' ಎಂದು ಬರೆದು ಅಂಟಿಸಿ ಬಯೋಮೆಡಿಕಲ್‌ಗೆ ಫೋನ್ ಮಾಡಿ. ಬದಲಿ ಮಷೀನ್ ಬರುವವರೆಗೆ ಯಾವ ವಾರ್ಡಿನದನ್ನು ತರಬೇಕು ಎಂದು ಹ್ಯಾಂಡ್‌ಓವರ್‌ನಲ್ಲಿ ಬಾಯಿಬಿಟ್ಟು ಹೇಳಿ.

ಏರ್‌ವೇ ಟ್ರೇ

ಲ್ಯಾರಿಂಗೋಸ್ಕೋಪ್ ಹಿಡಿಗೆ ಇರುವ ಪ್ರತಿಯೊಂದು ಬ್ಲೇಡನ್ನೂ ಹಾಕಿ ನೋಡಬೇಕು, ಮೂರನೇ ನಂಬರ್ ಉರಿದರೆ ನಾಲ್ಕನೆಯದೂ ಉರಿಯುತ್ತದೆ ಎಂದೇನಿಲ್ಲ. ಬ್ಲೇಡ್ ಎತ್ತಿ ಲಾಕ್ ಮಾಡಿ, ಹತ್ತು ಸೆಕೆಂಡ್ ಹಾಗೇ ಹಿಡಿದು, ಹಿಡಿಯನ್ನು ಸ್ವಲ್ಪ ಅಲ್ಲಾಡಿಸಿ. ಬೆಳಕು ಮಿಣಮಿಣ ಎಂದರೆ ಬಲ್ಬ್ ಸಡಿಲ ಅಥವಾ ಕಾಂಟ್ಯಾಕ್ಟ್ ಕಿಲುಬು. ಬಲ್ಬನ್ನು ಬೆರಳಿನಿಂದ ಬಿಗಿ ಮಾಡಿ, ಸಡಿಲ ಬಲ್ಬ್ ರೋಗಿಯ ಗಂಟಲಿಗೆ ಬೀಳುವ ಅಪಾಯವಿದೆ. ಬೆಳಕು ಹಳದಿಯಾಗಿದ್ದರೆ ಸೆಲ್ ಬದಲಿಸುವ ಸಮಯ. ಹೊಸ ಸೆಲ್ ಹಾಕಿದ ತಾರೀಖನ್ನು ಹಿಡಿಯ ಮೇಲೆ ಪ್ಲಾಸ್ಟರ್ ಅಂಟಿಸಿ ಬರೆಯಿರಿ.

ಅಂಬು ಬ್ಯಾಗ್: ಮಾಸ್ಕ್ ತೆಗೆದು, ರೋಗಿಯ ಕಡೆಯ ಬಾಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿ ಹಿಂಡಿ. ಬ್ಯಾಗ್ ಎದುರು ಒತ್ತಬೇಕು. ಸರಾಗವಾಗಿ ಚಪ್ಪಟೆಯಾದರೆ ಎಲ್ಲೋ ಸೋರುತ್ತಿದೆ. ತೊಳೆದು ಬಂದ ಬ್ಯಾಗುಗಳಲ್ಲಿ ಒಳಗಿನ ಸಣ್ಣ ರಬ್ಬರ್ ವಾಲ್ವ್ ಕಳೆದಿರುವುದು ಅಥವಾ ತಿರುವುಮುರುವಾಗಿ ಕೂರಿಸಿರುವುದು ಇದರ ಮಾಮೂಲಿ ಕಾರಣ. ಮಕ್ಕಳ ಬ್ಯಾಗಿನಲ್ಲಿ ಪಾಪ್-ಆಫ್ ವಾಲ್ವ್ ಇರುವುದರಿಂದ ಜೋರಾಗಿ ಹಿಂಡಿದಾಗ ಗಾಳಿ ಹೊರಬಿಡುತ್ತದೆ, ಅದನ್ನು ಸೋರಿಕೆ ಎಂದುಕೊಳ್ಳಬೇಡಿ. ಇಟಿ ಟ್ಯೂಬಿನ ಕಫ್ ಟೆಸ್ಟ್ ಮಾಡಲೆಂದು ಸ್ಟೆರೈಲ್ ಪ್ಯಾಕ್ ಒಡೆಯಬೇಡಿ, ಅದು ಹಾಕುವ ಹೊತ್ತಿನ ಕೆಲಸ. ಸಕ್ಷನ್ ಮಷೀನ್ ಹಾಕಿ ಟ್ಯೂಬಿನ ತುದಿಯನ್ನು ಬೆರಳಿನಿಂದ ಮುಚ್ಚಿ. ಮುಳ್ಳು 300 ಎಂಎಂ ಪಾದರಸ ದಾಟಬೇಕು. ದಾಟದಿದ್ದರೆ ಮೊದಲು ಜಾರಿನ ಮುಚ್ಚಳ ಬಿಗಿ ಮಾಡಿ ನೋಡಿ.

ಆಕ್ಸಿಜನ್ ಸಿಲಿಂಡರಿನಲ್ಲಿ ಗೇಜ್ ನೋಡಿ ಅಂಕಿ ಬರೆಯುವುದೂ ಮೋಸವಾಗಬಹುದು. ವಾಲ್ವ್ ಮುಚ್ಚಿದ್ದರೂ ರೆಗ್ಯುಲೇಟರ್‌ನಲ್ಲಿ ಸಿಕ್ಕಿಕೊಂಡ ಗಾಳಿ ಮುಳ್ಳನ್ನು ನಿನ್ನೆಯ ಜಾಗದಲ್ಲೇ ನಿಲ್ಲಿಸಿರುತ್ತದೆ. ಮೊದಲು ಫ್ಲೋಮೀಟರ್ ತೆರೆದು ಮುಳ್ಳು ಸೊನ್ನೆಗೆ ಬರಲಿ, ಫ್ಲೋಮೀಟರ್ ಮುಚ್ಚಿ, ಸಿಲಿಂಡರ್ ವಾಲ್ವನ್ನು ನಿಧಾನ ತೆರೆದು ಓದಿ, ಮತ್ತೆ ವಾಲ್ವ್ ಮುಚ್ಚಿ ಗಾಳಿ ಬಿಡಿ. ಹತ್ತು ಲೀಟರ್ ನೀರಿನ ಅಳತೆಯ ಸಿಲಿಂಡರಿನಲ್ಲಿ ಪ್ರೆಶರ್ 150 ಬಾರ್ ಇದ್ದರೆ ಸುಮಾರು 1500 ಲೀಟರ್ ಆಕ್ಸಿಜನ್, ನಿಮಿಷಕ್ಕೆ 15 ಲೀಟರ್‌ನಂತೆ ನೂರು ನಿಮಿಷ. ಪ್ರೆಶರ್ 40ಕ್ಕೆ ಇಳಿದರೆ ಉಳಿದದ್ದು 400 ಲೀಟರ್, ಅಂದರೆ ಅರ್ಧ ಗಂಟೆಯೂ ಇಲ್ಲ. ಐಸಿಯುಗೆ ಸಾಗಿಸುವುದಕ್ಕೂ ಇದೇ ಸಿಲಿಂಡರ್ ಬೇಕಾದ್ದರಿಂದ 50ಕ್ಕೆ ಇಳಿದಾಗಲೇ ಬದಲಿಸುವುದು ಒಳ್ಳೆಯದು. ಸಿಲಿಂಡರ್ ಕೀಯನ್ನು ಚೈನ್ ಹಾಕಿ ಸಿಲಿಂಡರಿಗೇ ಕಟ್ಟಿ. ತುಂಬಿದ ಸಿಲಿಂಡರ್ ಪಕ್ಕದಲ್ಲಿ ನಿಂತು ಕೀ ಹುಡುಕುವುದು ನಮ್ಮ ವಾರ್ಡುಗಳಲ್ಲಿ ಹೊಸತೇನಲ್ಲ.