ಅಕ್ಷರ ಅಳಿಸಿದ ಮೇಲೆ ನಕ್ಷೆ ಓದಿದರು

ವಿಜಯಪುರದಿಂದ ಪೂರ್ವಕ್ಕೆ, ಊರ ಹೊರಗಿನ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ಜೂನ್‌ನಲ್ಲಿ ಎಂಟನೇತ್ತಕ್ಕೆ ಸುತ್ತಲಿನ ಹಳ್ಳಿಗಳಿಂದ ಹೊಸ ಮಕ್ಕಳು ಬರುತ್ತಾರೆ. ಶಾಲೆಯ ಆವರಣವೂ ಅವರಿಗೆ ಹೊಸದು. ಇಂಥವರಿಗೇ ಓರಿಯಂಟೀರಿಂಗ್, ಅಂದರೆ ನಕ್ಷೆ ಹಿಡಿದು ಜಾಗ ಹುಡುಕುತ್ತ ಓಡುವ ಆಟ, ಹೇಳಿಕೊಡಬೇಕು. ಜಾಗ ಗೊತ್ತಿದ್ದವರು ನಕ್ಷೆ ನೋಡುವುದಿಲ್ಲ, ನೇರ ಓಡುತ್ತಾರೆ.

ಆವರಣ ಉದ್ದ 200 ಮೀಟರ್, ಅಗಲ 120. ಅಳತೆ 1:1000 ಇಟ್ಟರೆ ಒಂದು ಸೆಂಟಿಮೀಟರಿಗೆ ಹತ್ತು ಮೀಟರ್, ಎ4 ಹಾಳೆಯಲ್ಲಿ ಆರಾಮಾಗಿ ಕೂಡುತ್ತದೆ. ಟೇಪು ಹಿಡಿದು ಅಳೆದು, ಟ್ರೇಸ್ ಮಾಡಿ, ಚಂದದ ನಕ್ಷೆ ಮಾಡಿದೆ. ಪ್ರತಿಯೊಂದರ ಮೇಲೂ ದುಂಡಗೆ ಹೆಸರು ಬರೆದೆ: ತರಗತಿ ಕೋಣೆಗಳು, ನೀರಿನ ಟ್ಯಾಂಕ್, ಬೇವಿನ ಮರ, ಧ್ವಜಕಟ್ಟೆ. ಮಕ್ಕಳಿಗೆ ಸುಲಭವಾಗಲಿ ಅಂತ. ಮೂಲೆಯಲ್ಲಿ ಉತ್ತರದ ಬಾಣವೂ ಇತ್ತು. ಝೆರಾಕ್ಸ್ ಅಂಗಡಿಯವ ‘ಫಿಟ್ ಟು ಪೇಜ್’ ಒತ್ತಿ ಅಳತೆಯನ್ನೇ ಕುಗ್ಗಿಸಿಬಿಟ್ಟ, ಅದು ಬೇರೆ ಮಾತು. ಅಂದಿನಿಂದ ನಕ್ಷೆಯ ಕೆಳಗೆ ಐದು ಸೆಂಟಿಮೀಟರಿನ ಗೆರೆ ಹಾಕಿರುತ್ತೇನೆ, ಪ್ರತಿ ಕೈಗೆ ಬಂದ ಕೂಡಲೆ ಸ್ಕೇಲು ಇಟ್ಟು ನೋಡುತ್ತೇನೆ.

ಈಗ ನಮ್ಮ ಆವರಣದ ಸೋಜಿಗ ಹೇಳಬೇಕು. ನಡುವೆ ಧ್ವಜಕಟ್ಟೆ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಉದ್ದನೆಯ ಕಟ್ಟಡ, ಒಂದೇ ಪ್ಲಾನಿನವು. ಈಶಾನ್ಯ ಮೂಲೆಯಲ್ಲಿ ಬೇವು, ನೈರುತ್ಯದಲ್ಲೂ ಬೇವು. ಪಶ್ಚಿಮದ ತುದಿಗೊಂದು ಟ್ಯಾಂಕು, ಪೂರ್ವದ ತುದಿಗೊಂದು. ಬಿಸಿಯೂಟದ ಕೋಣೆಯನ್ನೂ ದಕ್ಷಿಣ ಕಂಪೌಂಡ್ ಒಡೆದು ಆಗಿರುವ ಸಂದಿಯನ್ನೂ ನಾನು ನಕ್ಷೆಯಲ್ಲಿ ಹಾಕಿರಲಿಲ್ಲ. ಅಲ್ಲಿ ಮಕ್ಕಳು ಹೋಗಬಾರದು, ತೋರಿಸುವುದೇ ಬೇಡ ಅಂದುಕೊಂಡೆ. ಹೀಗೆ ನಕ್ಷೆ ತಲೆಕೆಳಗಾದರೂ ಗುರುತು ಸಿಗದಂತಾಯಿತು. ಮುಖ್ಯ ಗೇಟು ಒಂದನ್ನು ಬಿಟ್ಟರೆ.

ನಾಲ್ಕು ನಾಲ್ಕು ಮಂದಿಯ ತಂಡ, ಕೈಯಲ್ಲೊಂದು ಕಾರ್ಡು. ನಕ್ಷೆಯಲ್ಲಿ ಗುರುತು ಮಾಡಿದ, ಹುಡುಕಬೇಕಾದ ಒಂದೊಂದು ಜಾಗವೂ ಒಂದು ಕಂಟ್ರೋಲು. ಅಲ್ಲಿ ಕಟ್ಟಿದ ಕಿತ್ತಳೆ-ಬಿಳಿ ಬಟ್ಟೆಯ ಫ್ಲ್ಯಾಗ್ ಮೇಲೆ ಸಂಖ್ಯೆ ಇರುತ್ತದೆ, ಅದನ್ನು ಕಾರ್ಡಿಗೆ ಇಳಿಸಿಕೊಂಡು ಮುಂದಿನ ಕಂಟ್ರೋಲಿಗೆ ಓಡಬೇಕು. ಸಂಖ್ಯೆ 31ರಿಂದ ಶುರು, ಒಂದನೇ ಕಂಟ್ರೋಲು ಎರಡನೇ ಕಂಟ್ರೋಲು ಅನ್ನುವ ಕ್ರಮದ ಜೊತೆ ಕಲಸಿಹೋಗಬಾರದೆಂದು ಸ್ಪರ್ಧೆಗಳಲ್ಲೂ ಹಾಗೇ ಮಾಡುತ್ತಾರೆ. ಆದರೆ ಸ್ಪರ್ಧೆಯಲ್ಲಿ ಯಾವ ಕಂಟ್ರೋಲಿಗೆ ಯಾವ ಸಂಖ್ಯೆ ಅಂತ ಓಟಗಾರನಿಗೆ ಮೊದಲೇ ಕೊಡುತ್ತಾರೆ. ನಾನು ಕೊಡಲಿಲ್ಲ. ಕೊಟ್ಟರೆ ಮರದ ಕೆಳಗೆ ಕೂತು ಕಾರ್ಡು ತುಂಬಿಯಾರು ಅನ್ನುವ ಮಾಸ್ತರಿಕೆಯ ಸಂಶಯ.

ಶನಿವಾರದ ಮುಂಜಾನೆ ಶಾಲೆ. ಇಪ್ಪತ್ತು ನಿಮಿಷ ಟೈಮು, ಮೂರು ಸಲ ಸೀಟಿ ಊದಿದರೆ ಎಲ್ಲಿದ್ದರೂ ವಾಪಸ್. ಊದಿದೆ. ಎಲ್ಲ ತಂಡಗಳೂ ಬಂದವು, ಒಂದನ್ನು ಬಿಟ್ಟು.

ಮತ್ತೆ ಊದಿದೆ. ಯಾರೂ ಇಲ್ಲ. ಎರಡೂ ಕಟ್ಟಡ ಸುತ್ತಿ ಬಂದೆ, ಶೌಚಾಲಯದ ಹಿಂದೆ ನೋಡಿದೆ. ಅಡುಗೆಯ ಅಕ್ಕ ಸೌಟು ಹಿಡಿದೇ ಹೊರಬಂದು, “ನಾಕು ಹುಡುಗ್ರು ಆ ಸಂದ್ಯಾಗ ಹಾದು ಹೊಲದ ಕಡೆ ಹೋದ್ರಲ್ರಿ ಸರ್, ನೀವಽ ಕಳಿಸೀರಿ ಅಂದ್ಕೊಂಡೆ” ಅಂದರು. ಸಂದಿಯಾಚೆ ತೊಗರಿ ಹೊಲ, ಅದರ ಬದುವಿಗೆ ಕಟ್ಟೆಯಿಲ್ಲದ ಹಳೇ ಬಾವಿ. ನಾನು ಬಾವಿಯ ಕಡೆಗೇ ಓಡಿದೆ. ಹಿಂದಿನ ದಿನ ಮಳೆಯಾಗಿತ್ತು, ಎರೆ ಮಣ್ಣು ಒಂದೊಂದು ಹೆಜ್ಜೆಗೂ ಬೂಟಿಗೆ ಹತ್ತಿ ಕಾಲು ಎತ್ತಲಾಗದು. ಬಾವಿಯಲ್ಲಿ ಇಣುಕಿದೆ, ನೀರು ಅಲುಗುತ್ತಿರಲಿಲ್ಲ. ಆಮೇಲೆ ಹೊಲದಾಚೆಯ ದಾರಿಯಲ್ಲಿ ನಾಲ್ಕು ತಲೆ ಕಂಡವು, ನಕ್ಷೆಯ ಮೇಲೆ ಬಗ್ಗಿ ಜಗಳಾಡುತ್ತಿದ್ದವು.

ಬೈದೆ. ಕ್ಲಾಸು ತಪ್ಪಿಸಿ ಅಡ್ಡಾಡಲು ಹೋದಿರಿ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಒಬ್ಬ ಹುಡುಗಿ ಮಾತ್ರ ಅಳುತ್ತಲೇ, “ಎರಡು ಸಿಕ್ಕಾವ್ರಿ ಸರ್, ಮೂರನೇದು ಇಲ್ಲೇ ಇರಬೇಕ್ರಿ” ಅಂದಳು. ಆಫೀಸಿನಲ್ಲಿ ಹೆಡ್ ಮಾಸ್ತರರು, “ನಕ್ಷಾ ಕೊಟ್ಟು ಹುಡುಗರನ್ನ ಹೊಲಕ್ಕ ಕಳಸ್ತೀರೇನ್ರಿ?” ಅಂದರು. ಅದಕ್ಕೆ ಉತ್ತರವಿರಲಿಲ್ಲ.

ಮಧ್ಯಾಹ್ನ ಕಾರ್ಡು ನೋಡಿದೆ. 31, 32, 33 ಇರಬೇಕಾದಲ್ಲಿ 36, 35, ಆಮೇಲೆ ಖಾಲಿ. 31 ಈಶಾನ್ಯದ ಬೇವು, 36 ನೈರುತ್ಯದ ಬೇವು. 32 ಪಶ್ಚಿಮದ ಟ್ಯಾಂಕು, 35 ಪೂರ್ವದ ಟ್ಯಾಂಕು. 33 ಇದ್ದದ್ದು ಉತ್ತರ ಕಂಪೌಂಡಿನ ಕಲ್ಲುಗುಂಪೆಯಲ್ಲಿ. ಅದರ ಸರೀ ಎದುರಿನ ಜಾಗ ಯಾವುದೆಂದರೆ ದಕ್ಷಿಣದ ಆ ಸಂದಿ. ಮನಸ್ಸಿಗೆ ಬಂದಂತೆ ತಿರುಗಿದವರ ಕಾರ್ಡು ಹೀಗಿರುವುದಿಲ್ಲ, ಅಲ್ಲಿ ಸರಿ ತಪ್ಪು ಬೆರೆತಿರುತ್ತವೆ. ಎಲ್ಲ ತಪ್ಪೂ ಎದುರುಬದುರಾಗಿ ಜೋಡಿಯಾಗಿ ಬಂದಿವೆ ಎಂದರೆ ನಕ್ಷೆ ಅರ್ಧ ಸುತ್ತು ತಿರುಗಿದೆ ಅಂತಲೇ. ಹೊರಡುವಾಗ ಅವರು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದರು. ಕಟ್ಟಡದ ಹಿಂದೆ, ಬಲತುದಿ, ಬೇವು: ಹೋದರು, ಬೇವಿತ್ತು, ಫ್ಲ್ಯಾಗೂ ಇತ್ತು. ಮತ್ತೇಕೆ ಅನುಮಾನ ಬರಬೇಕು?

ನಕ್ಷೆಯನ್ನು ತಿರುಗಿಸಿ ಹಿಡಿಯಬೇಕು ಅಂತ ಹೇಳಿಯೇ ಇದ್ದೆ. ಅವರು ತಿರುಗಿಸಲಿಲ್ಲ, ಕಾರಣ ನನ್ನ ದುಂಡಕ್ಷರ. ಅಕ್ಷರ ಕಂಡರೆ ಮಕ್ಕಳು ಅದನ್ನು ಓದಲು ಬರುವಂತೆ ಹಿಡಿಯುತ್ತಾರೆ, ಏಳು ವರ್ಷ ಶಾಲೆ ಕಲಿಸಿದ್ದೇ ಅದನ್ನು. ದಕ್ಷಿಣಕ್ಕೆ ಮುಖ ಮಾಡಿದವನ ಕೈಯಲ್ಲಿ ಸರಿಯಾಗಿ ಹಿಡಿದ ನಕ್ಷೆಯ ಅಕ್ಷರಗಳು ತಲೆಕೆಳಗೇ ಇರಬೇಕು.

ಹೆಸರು ಎಲ್ಲ ತೆಗೆದೆ, ಚಿಹ್ನೆ ಮಾತ್ರ ಉಳಿಸಿದೆ: ಕಟ್ಟಡ ತುಂಬಿದ ಕಪ್ಪು, ಮರ ಹಸಿರು ದುಂಡು, ನೀರು ನೀಲಿ. ಅಡುಗೆ ಕೋಣೆ, ಸಂದಿ ಎರಡನ್ನೂ ಬರೆದು ಅಡ್ಡಗೆರೆ ಹೊಡೆದೆ. ಹೋಗಬಾರದ ಜಾಗವನ್ನು ನಕ್ಷೆಯಿಂದ ಅಳಿಸಿದರೆ ಮಗುವಿಗೆ ಅದು ಹೋಗಬಾರದ ಜಾಗವೆಂದು ತಿಳಿಯುವ ದಾರಿಯೇ ಇಲ್ಲ. ಉತ್ತರದ ಬಾಣದ ಜೊತೆ ಎಡ ಅಂಚಿನಲ್ಲಿ ಸಣ್ಣ ಗುಮ್ಮಟ ಬರೆದೆ, ನಮ್ಮ ಆವರಣದಿಂದ ಗೋಳಗುಮ್ಮಟ ಪಶ್ಚಿಮಕ್ಕೆ ಕಾಣುತ್ತದೆ. ಅಷ್ಟು ದೂರದ್ದು ಆವರಣದ ಯಾವ ಮೂಲೆಗೆ ಹೋದರೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿರುತ್ತದೆ. ಧ್ವಜಕಂಬ ಹಾಗಲ್ಲ, ನೀವು ನಡೆದಂತೆ ಅದರ ದಿಕ್ಕು ಬದಲಾಗುತ್ತದೆ. ಕಟ್ಟಡದ ಮರೆಗೆ ಬಂದರೆ ಗುಮ್ಮಟ ಕಾಣದು, ಅದಕ್ಕೇ ಮರೆಗೆ ಹೋಗುವ ಮೊದಲೇ ನಕ್ಷೆ ಹೊಂದಿಸಿಕೊಂಡು, ನಿಂತ ಜಾಗದ ಮೇಲೆ ಹೆಬ್ಬೆರಳಿಟ್ಟು ಹೊರಡಬೇಕು.

ಸಂಖ್ಯೆಗಳನ್ನೂ ಈಗ ಕಾರ್ಡಿನಲ್ಲೇ ಅಚ್ಚು ಹಾಕಿಸುತ್ತೇನೆ. ಮೋಸದ ಭಯಕ್ಕೆ ಫ್ಲ್ಯಾಗ್ ಮೇಲೆ ಸಂಖ್ಯೆಯ ಪಕ್ಕ ಒಂದು ಅಕ್ಷರ ಇರುತ್ತದೆ, ಬರೆದುಕೊಳ್ಳಬೇಕಾದ್ದು ಅದನ್ನು. ಸಂಖ್ಯೆ ಹೊಂದದಿದ್ದರೆ ಅಲ್ಲೇ ನಿಂತು ನಕ್ಷೆ ತಿರುಗಿಸಿ ನೋಡುತ್ತಾರೆ. ಮೊದಲ ಪಾಠಕ್ಕೆ ಒಂದೇ ಕಂಟ್ರೋಲು: ಹೋಗು, ಬರೆದುಕೋ, ಕಟ್ಟೆಗೆ ಬಾ, ಇನ್ನೊಂದು ಒಯ್ಯಿ. ತಪ್ಪು ಒಂದಕ್ಕೇ ನಿಲ್ಲುತ್ತದೆ. ನಕ್ಷೆ ಹಿಡಿಯುವವರು ಪ್ರತಿ ಕಂಟ್ರೋಲಿಗೆ ಬದಲಾಗುತ್ತಾರೆ, ಇಲ್ಲವಾದರೆ ಒಬ್ಬ ಓದುತ್ತಾನೆ, ಮೂವರು ಬೆನ್ನು ಹತ್ತುತ್ತಾರೆ.

ಹೆಡ್ ಮಾಸ್ತರರಿಗೆ ನಕ್ಷೆ ಹಿಡಿಸಿತು. ಬರುವ ಸಾಹೇಬರಿಗೆ ಕಾಣಲಿ ಅಂತ ಗೇಟಿನ ಬದಿಯ ಗೋಡೆಗೆ ಬಣ್ಣದಲ್ಲಿ ಬರೆಸಿದರು, ಹೆಸರು ಸಮೇತ, ಉತ್ತರ ಮೇಲಾಗಿ. ಆ ಗೋಡೆ ನೋಡುವವ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಬೇಕು. ತಿರುಗಿಸಿ ಬರೆಸೋಣ ಸರ್ ಅಂದೆ. “ಉತ್ತರ ಮ್ಯಾಲೇ ಇರಬೇಕ್ರಿ, ಸಮಾಜ ವಿಜ್ಞಾನದ ಪುಸ್ತಕದಾಗ ಹಂಗಽ ಐತಿ” ಅಂದರು. ಪೇಂಟರನ ಬಿಲ್ಲೂ ಪಾಸಾಗಿದೆ.