ಶಾಖ ಸಮೀಕರಣದ ಲೆಕ್ಕ: ಮೂರನೆಯ ಗ್ರಿಡ್‌ನಲ್ಲಿ ಕೈಕೊಟ್ಟ ಸ್ಕೀಮ್

ಮೊದಲ ದಿನ

ಒಂದು ಏಕಮಾನ ಉದ್ದದ ಸರಳಿನ ಎರಡೂ ತುದಿಗಳನ್ನು ಸೊನ್ನೆ ಉಷ್ಣತೆಯಲ್ಲಿಟ್ಟು, ಒಳಗಿನ ಶಾಖ ಹೇಗೆ ಇಳಿಯುತ್ತದೆ ಎಂಬುದನ್ನು `u_t = u_xx` ಸಮೀಕರಣದಿಂದ ಲೆಕ್ಕ ಹಾಕುವುದು ಈ ಕೆಲಸದ ಗುರಿ. ಸರಳನ್ನು `h` ಅಂತರದ ಬಿಂದುಗಳಾಗಿಯೂ ಕಾಲವನ್ನು `k` ಅಳತೆಯ ಹೆಜ್ಜೆಗಳಾಗಿಯೂ ವಿಂಗಡಿಸಿ, ಕಾಲದಲ್ಲಿ ಮುಮ್ಮುಖ ವ್ಯತ್ಯಾಸವನ್ನೂ ಜಾಗದಲ್ಲಿ ಕೇಂದ್ರ ವ್ಯತ್ಯಾಸವನ್ನೂ ಬಳಸುವ ಅತ್ಯಂತ ಸರಳವಾದ ಸ್ಕೀಮ್ ಅನ್ನೇ ಆರಿಸಿಕೊಂಡೆ. ಪ್ರೋಗ್ರಾಮಿನ ತಿರುಳು ಇಷ್ಟೇ:

```python
r = k / h**2
for n in range(steps):
    u[1:-1] = r*u[:-2] + (1 - 2*r)*u[1:-1] + r*u[2:]
```

ಆರಂಭದ ಉಷ್ಣತೆಯನ್ನು `sin(πx)` ಎಂದು ಇಟ್ಟೆ. ಇದರ ನಿಖರ ಉತ್ತರ `e^(-π²t) sin(πx)` ಎಂದು ಮೊದಲೇ ತಿಳಿದಿರುವುದರಿಂದ ದೋಷವನ್ನು ನೇರವಾಗಿ ಅಳೆಯಬಹುದು. `r = 0.5` ಇಟ್ಟು `t = 0.1`ರವರೆಗೆ ನಡೆಸಿದಾಗ ನಡುಬಿಂದುವಿನ ದೋಷ `h = 1/10`ಕ್ಕೆ 0.0062, `h = 1/20`ಕ್ಕೆ 0.0015, `h = 1/40`ಕ್ಕೆ 0.00038 ಬಂತು. ಅಂತರವನ್ನು ಅರ್ಧ ಮಾಡಿದಾಗಲೆಲ್ಲ ದೋಷ ಕಾಲುಭಾಗಕ್ಕೆ ಇಳಿಯುತ್ತಿದೆ; ನಿರೀಕ್ಷಿಸಿದ್ದೂ ಅದನ್ನೇ.

ಎರಡನೆಯ ದಿನ

`r` ಅರ್ಧವನ್ನು ಮೀರಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಮೀರಿದರೆ ಏನಾಗುತ್ತದೆ ಎಂದು ಕಣ್ಣಾರೆ ನೋಡುವ ಆಸೆಯಿಂದ `r = 0.6` ಇಟ್ಟು `t = 0.12`ರವರೆಗೆ ನಡೆಸಿದೆ. `h = 1/10`ಕ್ಕೆ ದೋಷ 0.0079, `h = 1/20`ಕ್ಕೆ 0.0019. ಮತ್ತೆ ಕಾಲುಭಾಗವೇ! ನಿಯಮವನ್ನೇ ತಪ್ಪಾಗಿ ನೆನಪಿಟ್ಟುಕೊಂಡಿದ್ದೇನೆಯೇ ಎಂದು ಅನುಮಾನಪಡುತ್ತಲೇ `h = 1/40`ಕ್ಕೆ ನಡೆಸಿದಾಗ, 0.3ರ ಆಸುಪಾಸಿನಲ್ಲಿ ಇರಬೇಕಾದ ಉತ್ತರದ ಜಾಗದಲ್ಲಿ 25ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆಗಳು, ಪಕ್ಕಪಕ್ಕದ ಬಿಂದುಗಳಲ್ಲಿ ಒಂದು ಧನ, ಇನ್ನೊಂದು ಋಣ ಎಂಬಂತೆ, ಸಾಲಾಗಿ ಬಂದವು. ಎರಡು ಗ್ರಿಡ್‌ಗಳಲ್ಲಿ ಸುಸೂತ್ರವಾಗಿ ನಡೆದ ಲೆಕ್ಕ ಗ್ರಿಡ್ ಸೂಕ್ಷ್ಮವಾದ ಮೇಲೆ ಕೆಟ್ಟಿತ್ತು.

ನಾಲ್ಕನೆಯ ದಿನ

ಕಾರಣ ಹುಡುಕುವ ಮೊದಲು `r ≤ 1/2` ಇದ್ದಾಗ ಲೆಕ್ಕ ಏಕೆ ಸರಿಹೋಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡೆ. ನಿಖರ ಉತ್ತರವನ್ನೇ ತಂದು ಸ್ಕೀಮ್‌ನಲ್ಲಿ ಹಾಕಿದರೆ ಎರಡೂ ಬದಿಗಳು ಪೂರ್ತಿ ಸಮವಾಗುವುದಿಲ್ಲ; ಟೇಲರ್ ವಿಸ್ತರಣೆಯ ಪ್ರಕಾರ ಉಳಿಯುವ ಶೇಷದ ಮುಖ್ಯ ಭಾಗ `T = (k/2) u_tt - (h²/12) u_xxxx`. `h` ಮತ್ತು `k` ಸೊನ್ನೆಯತ್ತ ಸಾಗಿದಂತೆ ಇದೂ ಸೊನ್ನೆಯಾಗುತ್ತದೆ. ಸುಸಂಗತತೆ ಎಂದರೆ ಇದೇ. ಇದರಲ್ಲಿ `r`ನ ಮೇಲೆ ಯಾವ ಕಟ್ಟುಪಾಡೂ ಇಲ್ಲ ಎಂಬುದನ್ನು ಗಮನಿಸಬೇಕು, 0.6 ಇಟ್ಟರೂ ಸ್ಕೀಮ್ ಸುಸಂಗತವೇ.

ಈಗ ದೋಷವನ್ನು `e` ಎಂದು ಕರೆದರೆ, ಅದೂ ಅದೇ ಸ್ಕೀಮ್‌ನ ಪ್ರಕಾರವೇ ಮುಂದಿನ ಹೆಜ್ಜೆಗೆ ಸಾಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಅದಕ್ಕೆ `kT`ಯಷ್ಟು ಹೊಸ ದೋಷ ಸೇರುತ್ತದೆ. `r ≤ 1/2` ಆಗಿದ್ದರೆ `r`, `1-2r`, `r` ಈ ಮೂರೂ ಗುಣಕಗಳು ಋಣವಲ್ಲ ಮತ್ತು ಅವುಗಳ ಮೊತ್ತ 1. ಅಂದರೆ ಹೊಸ ಬೆಲೆಯು ಹಳೆಯ ಮೂರು ಬೆಲೆಗಳ ತೂಕದ ಸರಾಸರಿ, ಮತ್ತು ಸರಾಸರಿಯು ಅವುಗಳಲ್ಲಿ ಅತಿ ದೊಡ್ಡದನ್ನು ಮೀರಲಾರದು. ಹೀಗಾಗಿ ಹಳೆಯ ದೋಷ ಬೆಳೆಯುವುದಿಲ್ಲ, ಹೊಸದು ಮಾತ್ರ ಕೂಡುತ್ತ ಹೋಗುತ್ತದೆ: `n` ಹೆಜ್ಜೆಗಳಲ್ಲಿ ಒಟ್ಟು ದೋಷ ಹೆಚ್ಚೆಂದರೆ `n·k·max|T|`, ಅಂದರೆ `t·max|T|`. ಹೆಜ್ಜೆಗಳ ಸಂಖ್ಯೆ ಎಷ್ಟೇ ಏರಿದರೂ `n·k` ಎಂಬುದು ಕಳೆದ ಕಾಲವಷ್ಟೇ ಆಗಿರುವುದರಿಂದ `T` ಸೊನ್ನೆಗೆ ಹೋದರೆ ದೋಷವೂ ಸೊನ್ನೆಗೆ ಹೋಗಲೇಬೇಕು. ಸುಸಂಗತತೆಯು ಪ್ರತಿ ಹೆಜ್ಜೆಯ ತಪ್ಪನ್ನು ಚಿಕ್ಕದಾಗಿಡುತ್ತದೆ, ಸ್ಥಿರತೆಯು ಆ ತಪ್ಪು ಮುಂದೆ ಉಬ್ಬದಂತೆ ತಡೆಯುತ್ತದೆ, ಅಭಿಸರಣಕ್ಕೆ, ಅಂದರೆ ಗ್ರಿಡ್ ಸೂಕ್ಷ್ಮವಾದಂತೆ ಲೆಕ್ಕವು ನಿಖರ ಉತ್ತರಕ್ಕೆ ಹೋಗಿ ಸೇರುವುದಕ್ಕೆ, ಇವೆರಡೇ ಸಾಕು. ಇದನ್ನು ಇಡೀ ರೇಖೀಯ ಸಮಸ್ಯೆಗಳ ವರ್ಗಕ್ಕೆ ಅನ್ವಯಿಸಿ, ಸಮಸ್ಯೆ ಸುನಿಹಿತವೂ, ಅಂದರೆ ಒಂದೇ ಉತ್ತರವಿದ್ದು ಆರಂಭದ ಸಣ್ಣ ಬದಲಾವಣೆಗೆ ಉತ್ತರವೂ ಸ್ವಲ್ಪವೇ ಬದಲಾಗುವಂಥದ್ದೂ, ಸ್ಕೀಮ್ ಸುಸಂಗತವೂ ಆಗಿದ್ದರೆ ಸ್ಥಿರತೆ ಮತ್ತು ಅಭಿಸರಣ ಒಂದಕ್ಕೊಂದು ಸಮಾನ ಎಂದು ಪೀಟರ್ ಲ್ಯಾಕ್ಸ್ ಮತ್ತು ರಾಬರ್ಟ್ ರಿಕ್ಟ್‌ಮೈಯರ್ 1956ರಲ್ಲಿ ಪ್ರಕಟಿಸಿದರು.

ಐದನೆಯ ದಿನ

ಹಾಗಾದರೆ `r = 0.6`ರ ಮೊದಲ ಎರಡು ಫಲಿತಾಂಶಗಳು ಅಷ್ಟು ಚೆನ್ನಾಗಿ ಬಂದದ್ದು ಹೇಗೆ? ಉತ್ತರ ಆರಂಭದ ಉಷ್ಣತೆಯಲ್ಲಿದೆ. `sin(pπx)` ಎಂಬ ಅಲೆಯನ್ನು ಸ್ಕೀಮ್ ಪ್ರತಿ ಹೆಜ್ಜೆಯಲ್ಲೂ `g = 1 - 4r sin²(pπh/2)` ಎಂಬ ಸಂಖ್ಯೆಯಿಂದ ಗುಣಿಸುತ್ತದೆ, ಬೇರೇನನ್ನೂ ಮಾಡುವುದಿಲ್ಲ. ನಾನು ಕೊಟ್ಟದ್ದು `p = 1` ಅಲೆಯನ್ನು ಮಾತ್ರ. ಅದರ `g` ಒಂದಕ್ಕಿಂತ ಚಿಕ್ಕದು, ಲೆಕ್ಕ ನಿಖರವಾಗಿ ನಡೆಯುವುದಾದರೆ ಅಲ್ಲಿ `r = 0.6`ರಲ್ಲೂ ಉತ್ತರ ಅಭಿಸರಿಸುತ್ತದೆ. ಕೆಡಿಸುವುದು ಅತಿ ಕಿರಿದಾದ ಅಲೆ, ಅಂದರೆ ಬಿಂದುವಿನಿಂದ ಬಿಂದುವಿಗೆ ಚಿಹ್ನೆ ಬದಲಿಸುವ ಅಲೆ. ಅದರ `g` ಸುಮಾರು −1.4ರ ಹತ್ತಿರ ಇದೆ. ಅದು ನನ್ನ ಆರಂಭದಲ್ಲಿ ಇರಲೇ ಇಲ್ಲ, ಆದರೆ ಕಂಪ್ಯೂಟರ್ ದಶಾಂಶಗಳನ್ನು ಮೊಟಕುಗೊಳಿಸುವಾಗ ಹದಿನಾರನೆಯ ಸ್ಥಾನದ ಆಸುಪಾಸಿನಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. `h = 1/10`ರಲ್ಲಿ 20 ಹೆಜ್ಜೆಗಳಲ್ಲಿ ಅದು ಸುಮಾರು 355 ಪಟ್ಟು ಬೆಳೆಯುತ್ತದೆ, `h = 1/20`ರಲ್ಲಿ 80 ಹೆಜ್ಜೆಗಳಲ್ಲಿ 10ರ ಘಾತ 11ರಷ್ಟು. ಎರಡರಲ್ಲೂ ಕಣ್ಣಿಗೆ ಬೀಳುವಷ್ಟಾಗಲಿಲ್ಲ. `h = 1/40`ರಲ್ಲಿ 320 ಹೆಜ್ಜೆಗಳು, ಬೆಳವಣಿಗೆ 10ರ ಘಾತ 46ರಷ್ಟು. ಅಲ್ಲಿಗೆ ಮುಗಿಯಿತು.

ಇದನ್ನು ಖಚಿತಪಡಿಸಿಕೊಳ್ಳಲು ನಡುವೆ 1ಕ್ಕೆ ಏರಿ ತುದಿಗಳಿಗೆ ನೇರವಾಗಿ ಇಳಿಯುವ ಗುಡಾರದಾಕಾರದ ಆರಂಭವನ್ನು ಕೊಟ್ಟೆ. ಇದರಲ್ಲಿ ಕಿರಿದಾದ ಅಲೆ ಮೊದಲಿನಿಂದಲೇ ಇದೆ. `h = 1/10`ಕ್ಕೆ ಅದರ ಎತ್ತರ ಸುಮಾರು 0.02. 355ರಿಂದ ಗುಣಿಸಿದರೆ 7ರ ಮೇಲೆ ಹೋಗಬೇಕು. ಪ್ರೋಗ್ರಾಮ್ ನಡೆಸಿದಾಗ, 0.248 ಇರಬೇಕಾದ ನಡುಬಿಂದುವಿನಲ್ಲಿ 7.5, ಅದರ ಪಕ್ಕದಲ್ಲಿ −6.7 ಬಂತು. ಹತ್ತು ಭಾಗದ ಗ್ರಿಡ್‌ನಲ್ಲೇ, ಇಪ್ಪತ್ತೇ ಹೆಜ್ಜೆಗಳಲ್ಲಿ.

ಲ್ಯಾಕ್ಸ್ ಮತ್ತು ರಿಕ್ಟ್‌ಮೈಯರ್ ಅವರ ಆ ಪ್ರಮೇಯದ ಮಾತನ್ನು ನಾನು ಅವಸರದಲ್ಲಿ ಓದಿದ್ದೆ ಎಂಬುದು ಆಗ ತಿಳಿಯಿತು. ಅಭಿಸರಣ ಎಂದರೆ ಅನುಮತಿಸಿದ ಪ್ರತಿಯೊಂದು ಆರಂಭಕ್ಕೂ ಅಭಿಸರಣ ಎಂದರ್ಥ. ಸ್ಥಿರತೆ ಇಲ್ಲದಿದ್ದರೆ ಎಲ್ಲ ಆರಂಭಗಳೂ ಕೆಡುತ್ತವೆ ಎಂದು ಅದು ಹೇಳುವುದಿಲ್ಲ, ಕೆಡುವ ಆರಂಭ ಒಂದಾದರೂ ಇದ್ದೇ ಇರುತ್ತದೆ ಎನ್ನುತ್ತದೆ. ನುಣುಪಾದ ಸೈನ್ ಅಲೆಯೊಂದರ ಮೇಲೆ ಸ್ಕೀಮ್ ಅನ್ನು ಪರೀಕ್ಷಿಸುವುದು ಈ ಕಾರಣಕ್ಕೇ ದುರ್ಬಲ ಪರೀಕ್ಷೆ. ಅಂದಹಾಗೆ, ಗುಡಾರದ ತುದಿ ಚೂಪಾಗಿರುವುದರಿಂದ `t = 0`ರ ಬಳಿ `u_xxxx` ಎಲ್ಲೆ ಮೀರುತ್ತದೆ ಮತ್ತು ನಾಲ್ಕನೆಯ ದಿನದ ಅಂದಾಜು ಅದಕ್ಕೆ ನೇರವಾಗಿ ಒದಗುವುದಿಲ್ಲ. ಆದರೆ ಗುಡಾರವನ್ನು ನುಣುಪಾದ ಆಕಾರಗಳಿಂದ ಬೇಕಾದಷ್ಟು ಹತ್ತಿರಕ್ಕೆ ತರಬಹುದು ಮತ್ತು ಸ್ಥಿರ ಸ್ಕೀಮ್ ಆ ಸಣ್ಣ ಅಂತರವನ್ನು ದೊಡ್ಡದು ಮಾಡುವುದಿಲ್ಲ. `r = 0.5`ರಲ್ಲಿ ಅಭಿಸರಣ ಅಲ್ಲೂ ಉಳಿಯುತ್ತದೆ, ದೋಷ ಕಾಲುಭಾಗಕ್ಕೆ ಇಳಿಯುವ ಭರವಸೆಯನ್ನು ಮಾತ್ರ ಆ ಅಂದಾಜು ಕೊಡುವುದಿಲ್ಲ.

ಮುಂದಿನ ಕೆಲಸ

ಇನ್ನು ನೋಡಬೇಕಾದದ್ದು ಇದರ ತಿರುವುಮುರುವು: ಯಾವ `r`ಗೂ ಸ್ಥಿರವಾಗಿರುವ ಡುಫೋರ್ಟ್–ಫ್ರಾಂಕೆಲ್ ಸ್ಕೀಮ್. ಅದರಲ್ಲಿ `k/h` ಅನುಪಾತವನ್ನು `c` ಎಂದು ಹಿಡಿದಿಟ್ಟು ಗ್ರಿಡ್ ಸೂಕ್ಷ್ಮಗೊಳಿಸಿದರೆ ಶೇಷ ಸೊನ್ನೆಯಾಗದೆ `c² u_tt` ಉಳಿಯುತ್ತದೆ, ಲೆಕ್ಕ ಎಲ್ಲೂ ಸಿಡಿಯದೆ ಬೇರೆಯದೇ ಸಮೀಕರಣದ ಉತ್ತರಕ್ಕೆ ಹೋಗಿ ಸೇರುತ್ತದೆ. ಸಿಡಿಯುವ ಲೆಕ್ಕವನ್ನು ಕಣ್ಣು ಹಿಡಿಯುತ್ತದೆ. ಇದನ್ನು ಹಿಡಿಯಲು ನಿಖರ ಉತ್ತರದ ಜೊತೆ ಹೋಲಿಸಲೇಬೇಕಾದೀತು, ಆದ್ದರಿಂದ ಅದಕ್ಕೆ ಮತ್ತೆ `sin(πx)` ಆರಂಭಕ್ಕೇ ಮರಳುತ್ತಿದ್ದೇನೆ.