ನಾಲ್ಕು ಮಾರ್ಕ್ಸ್ ಕಾರ್ಡ್, ಸಾಲಾಗಿ ನಾಲ್ಕು ನಂಬರ್

ಬೈಕಂಪಾಡಿಯ ಒಂದು ಕಂಪನಿಯಲ್ಲಿ ನಾನು ಎಚ್‌ಆರ್. ಹೊಸಬರು ಸೇರುವ ಮೊದಲು ಅವರ ಸರ್ಟಿಫಿಕೇಟು ನೋಡಿ ಫೈಲಿಗೆ ಸಹಿ ಹಾಕುವುದು ನನ್ನ ಪಾಲಿಗೆ ಬಂದ ಕೆಲಸ. ಮೊದಮೊದಲು ಇದು ಪೇಪರ್ ಜೋಡಿಸಿಡುವ ಕೆಲಸ ಅಂತಲೇ ಅಂದುಕೊಂಡಿದ್ದೆ. ಒರಿಜಿನಲ್ ನೋಡು, ಜೆರಾಕ್ಸ್ ಇಟ್ಟುಕೋ, ಮುಗಿಯಿತು. ಹೋದ ವರ್ಷ ಅಕೌಂಟ್ಸ್ ವಿಭಾಗಕ್ಕೆ ಬಂದ ಒಬ್ಬ ಹುಡುಗನ ಫೈಲು ಆ ಅಭ್ಯಾಸ ಬಿಡಿಸಿತು.

ಕುಂದಾಪುರ ಕಡೆಯ ಹುಡುಗ. ಬಿ.ಕಾಂ ಮಾಡಿದ್ದು ಮಂಗಳೂರು ವಿಶ್ವವಿದ್ಯಾನಿಲಯದಿಂದ, 2019ರಲ್ಲಿ. ಆಮೇಲೆ ಮೂರು ವರ್ಷ ಗಲ್ಫ್‌ನಲ್ಲಿ ಒಂದು ಅಂಗಡಿಯ ಲೆಕ್ಕ ನೋಡಿಕೊಂಡಿದ್ದ. ಇಂಟರ್‌ವ್ಯೂನಲ್ಲಿ ಟ್ಯಾಲಿ, ಜಿಎಸ್‌ಟಿ ಏನು ಕೇಳಿದರೂ ಪಟಪಟ ಉತ್ತರ. ಜೊತೆಗೆ ಆನ್‌ಲೈನ್ ಎಂಬಿಎ, 2020ರಿಂದ 2022, ಉತ್ತರ ಭಾರತದ ಯಾವುದೋ ವಿಶ್ವವಿದ್ಯಾಲಯದ್ದು. ಸರ್ಟಿಫಿಕೇಟು ನೋಡಲು ಬಹಳ ಚೆಂದ. ದಪ್ಪ ಕಾಗದ, ಹೊಳೆಯುವ ಹೋಲೋಗ್ರಾಮ್, ಮೂಲೆಯಲ್ಲಿ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದೆ. ಅವನ ಹೆಸರು, ಫೋಟೋ, ಪಕ್ಕದಲ್ಲಿ ಹಸಿರು ಟಿಕ್. ಸಹಿ ಹಾಕಲು ಪೆನ್ನು ತೆಗೆದೇಬಿಟ್ಟಿದ್ದೆ.

ತಡೆದದ್ದು ಮಾರ್ಕ್ಸ್ ಕಾರ್ಡ್. ನಾಲ್ಕು ಸೆಮಿಸ್ಟರಿನ ನಾಲ್ಕು ಹಾಳೆಗಳನ್ನು ಜೆರಾಕ್ಸಿಗೆ ಸಾಲಾಗಿ ಇಟ್ಟಾಗ ಮೇಲಿನ ಬಲಮೂಲೆಯ ಕೆಂಪು ಅಂಕಿ ಕಣ್ಣಿಗೆ ಬಿತ್ತು. ಮೊದಲನೆಯದು 17ರಲ್ಲಿ ಮುಗಿದಿದೆ, ಎರಡನೆಯದು 18, ಮತ್ತೆ 19, 20. ಯೋಚನೆ ಮಾಡಿ. ಒಂದು ಯೂನಿವರ್ಸಿಟಿ ಎರಡು ವರ್ಷದಲ್ಲಿ ನಾಲ್ಕು ಸಲ ಸಾವಿರಾರು ಮಕ್ಕಳಿಗೆ ಕಾರ್ಡು ಮುದ್ರಿಸುತ್ತದೆ. ಅಷ್ಟರಲ್ಲಿ ಒಬ್ಬನಿಗೇ ಒಂದರ ಹಿಂದೆ ಒಂದು ನಂಬರ್ ಬರುವುದು ಹೇಗೆ? ನಾಲ್ಕನ್ನೂ ಒಂದೇ ದಿನ, ಒಂದೇ ಕಟ್ಟಿನಿಂದ ತೆಗೆದರೆ ಮಾತ್ರ. ಸಹಿ ಕೂಡ ಹಾಗೆಯೇ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕೂ ಸಹಿಗಳು ಗೆರೆಗೆ ಗೆರೆ ಕೂಡಿಕೊಂಡವು. ಸಹಿಯನ್ನೇ ಮುದ್ರಿಸುವ ಯೂನಿವರ್ಸಿಟಿಗಳೂ ಇವೆ, ಹಾಗಾಗಿ ಅದನ್ನು ನಾನು ದೊಡ್ಡದು ಮಾಡಲಿಲ್ಲ. ನಂಬರ್ ಮಾತ್ರ ತಲೆಯಿಂದ ಹೋಗಲಿಲ್ಲ.

ಆಗ ಹೊಳೆಯಿತು, ಕ್ಯೂಆರ್ ಕೋಡಿಗೆ ನಾನು ಯಾಕೆ ಅಷ್ಟು ಬೆಲೆ ಕೊಟ್ಟೆ ಅಂತ. ಅದು ಬರೀ ಒಂದು ವೆಬ್ ವಿಳಾಸ. ಕಾಗದ ಮುದ್ರಿಸಿದವನೇ ವೆಬ್‌ಸೈಟನ್ನೂ ಮಾಡಿಸಿ, ಅದರಲ್ಲಿ ಹಸಿರು ಟಿಕ್ ಹಾಕಿದರೆ ಕೇಳುವವರು ಯಾರು? ಕಳ್ಳನ ಹತ್ತಿರವೇ ಹೋಗಿ ‘ಇವನು ಒಳ್ಳೆಯವನಾ’ ಅಂತ ಕೇಳಿದ ಹಾಗಾಯಿತು.

ಹಾಗಾಗಿ ಈಗ ಕಾಗದದ ಮೇಲಿರುವ ಲಿಂಕ್, ಫೋನ್ ನಂಬರ್, ಮೇಲ್ ಐಡಿ ಯಾವುದನ್ನೂ ನಾನು ಮುಟ್ಟುವುದಿಲ್ಲ. ಯುಜಿಸಿ ಪಟ್ಟಿಯಿಂದ ಶುರು ಮಾಡುತ್ತೇನೆ. ನಮ್ಮ ದೇಶದಲ್ಲಿ ಡಿಗ್ರಿ ಕೊಡುವ ಹಕ್ಕು ಯಾರಿಗಿದೆ ಅಂತ 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಪಾರ್ಲಿಮೆಂಟ್ ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ. ಇಷ್ಟೇ. ‘ಐಎಸ್‌ಒ ಸರ್ಟಿಫೈಡ್’, ‘ಟ್ರಸ್ಟ್ ರಿಜಿಸ್ಟರ್ಡ್’, ‘ಎಂಎಸ್‌ಎಂಇ ನೋಂದಾಯಿತ’ ಅಂತ ಎಷ್ಟು ಬರೆದುಕೊಂಡರೂ ಅವು ಡಿಗ್ರಿ ಕೊಡುವ ಹಕ್ಕಲ್ಲ. ಬೇಕರಿಗೂ ಐಎಸ್‌ಒ ಸಿಗುತ್ತದೆ ಮಾರಾಯ್ರೆ.

ಈ ಹುಡುಗನ ಯೂನಿವರ್ಸಿಟಿಯನ್ನು ಪಟ್ಟಿಯಲ್ಲಿ ಹುಡುಕಿದೆ. ಸಿಕ್ಕಿತು ಅಂತ ಒಂದು ಕ್ಷಣ ಖುಷಿಯೂ ಆಯಿತು. ಎರಡನೇ ಸಲ ಓದಿದಾಗ ಪಟ್ಟಿಯಲ್ಲಿದ್ದ ಹೆಸರಿಗಿಂತ ಸರ್ಟಿಫಿಕೇಟಿನ ಹೆಸರಲ್ಲಿ ಒಂದು ಪದ ಜಾಸ್ತಿ. ಮಧ್ಯದಲ್ಲಿ ಎಲ್ಲೋ ಸೇರಿಕೊಂಡಿದೆ. ಅವಸರದಲ್ಲಿ ಓದಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ತಾನೇ ಅಂಥ ಹೆಸರು ಇಡುವುದು?

ಮುಂದಿನದು deb.ugc.ac.in. ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗೆ ಯಾವ ವಿಶ್ವವಿದ್ಯಾಲಯಕ್ಕೆ ಅನುಮತಿ ಇದೆ ಅಂತ ಅಲ್ಲಿ ವರ್ಷವಾರು ಹಾಕುತ್ತಾರೆ. ಇಲ್ಲಿ ಎಡವುವವರು ಬಹಳ. ಯೂನಿವರ್ಸಿಟಿ ಅಸಲಿ ಇದ್ದರೆ ಸಾಲದು. ಹುಡುಗ ಸೇರಿದ ವರ್ಷಕ್ಕೆ, ಅದೇ ಕೋರ್ಸಿಗೆ, ಆನ್‌ಲೈನ್ ಅನುಮತಿ ಇತ್ತಾ ಅಂತ ನೋಡಬೇಕು. ಈ ವರ್ಷದ ಪಟ್ಟಿ ನೋಡಿ 2020ರ ಅಡ್ಮಿಷನ್ನಿಗೆ ಟಿಕ್ ಹಾಕಿದರೆ ಪ್ರಯೋಜನವಿಲ್ಲ. ಪಟ್ಟಿಯಲ್ಲಿದ್ದ ಆ ಅಸಲಿ ಯೂನಿವರ್ಸಿಟಿಗೂ 2020ರಲ್ಲಿ ಆನ್‌ಲೈನ್ ಎಂಬಿಎಗೆ ಅನುಮತಿ ಇರಲಿಲ್ಲ.

ಕ್ಯೂಆರ್ ತೋರಿಸಿದ ವೆಬ್‌ಸೈಟಿನ ವಿಳಾಸವನ್ನು lookup.icann.org ನಲ್ಲಿ ಹಾಕಿ ನೋಡಿದೆ. ಡೊಮೇನ್ ಯಾವಾಗ ಹುಟ್ಟಿತು ಅಂತ ಅಲ್ಲಿ Created ಎಂಬ ಸಾಲಿನಲ್ಲಿ ಬರುತ್ತದೆ. 2023ರ ಜುಲೈ. ಡಿಗ್ರಿ ಮುಗಿದದ್ದು 2022ರಲ್ಲಿ. ಹಳೇ ಯೂನಿವರ್ಸಿಟಿ ವಿಳಾಸ ಬದಲಾಯಿಸಿರಬಹುದು, ಅದು ಸಹಜ. ಆದರೆ ಮಾನ್ಯತೆ ಕೊಟ್ಟಿದೆ ಅಂತ ಬರೆದಿದ್ದ ‘ಕೌನ್ಸಿಲ್’ನ ವೆಬ್‌ಸೈಟೂ ಅದೇ ತಿಂಗಳು ಹುಟ್ಟಿತ್ತು. ಎರಡರಲ್ಲೂ ಅದೇ ಮೊಬೈಲ್ ನಂಬರ್.

ಇಷ್ಟಾದರೂ ಯೂನಿವರ್ಸಿಟಿಯ ಕಡೆಯಿಂದ ಒಂದು ಬರಹದ ಉತ್ತರ ಬೇಕು, ಫೈಲಿಗೆ. ಯುಜಿಸಿ ಪಟ್ಟಿಯ ಮೂಲಕ ಅಸಲಿ ಯೂನಿವರ್ಸಿಟಿಯ ವೆಬ್‌ಸೈಟಿಗೆ ಹೋಗಿ, ಪರೀಕ್ಷಾ ವಿಭಾಗದ ಮೇಲ್ ಐಡಿ ತೆಗೆದು, ಮಾರ್ಕ್ಸ್ ಕಾರ್ಡಿನ ಸ್ಕ್ಯಾನ್ ಕಳಿಸಿದೆ. ಒಂಬತ್ತನೇ ದಿನ ಎರಡೇ ಸಾಲಿನ ಉತ್ತರ: ಈ ರಿಜಿಸ್ಟರ್ ನಂಬರ್ ನಮ್ಮ ಮಾದರಿಯದ್ದೇ ಅಲ್ಲ.

ಹುಡುಗನನ್ನು ಕರೆದೆ. ಅವನು ಮೊದಲು ಫೋನ್ ತೆಗೆದು ಡಿಜಿಲಾಕರ್ ತೋರಿಸಿದ. “ಮೇಡಂ, ಸರ್ಕಾರದ ಆ್ಯಪ್‌ನಲ್ಲೇ ಉಂಟಲ್ಲ?” ಇತ್ತು, ನಿಜ. ಆದರೆ ಎಲ್ಲಿ? ಅವನೇ ಅಪ್‌ಲೋಡ್ ಮಾಡಿದ ಫೈಲುಗಳ ಜಾಗದಲ್ಲಿ. ಅಲ್ಲಿ ನೀವು ಮದುವೆ ಕಾಗದವನ್ನೂ ಇಡಬಹುದು. ಯೂನಿವರ್ಸಿಟಿಯೇ ಕಳಿಸಿದ್ದು ಬರುವುದು Issued Documents ಅಡಿಯಲ್ಲಿ, ಮತ್ತು ಅವನ ಬಿ.ಕಾಂ ಅಲ್ಲಿ ಸರಿಯಾಗಿ ಇತ್ತು. ಆಮೇಲೆ ನೋಟರಿ ಸೀಲು ತೋರಿಸಿದ. ಗಲ್ಫ್‌ಗೆ ಹೋಗಿ ಬಂದವರಲ್ಲಿ ಸೀಲಿನ ಮೇಲೆ ಒಂದು ನಂಬಿಕೆ ಇರುತ್ತದೆ, ತಪ್ಪೇನಲ್ಲ. ಆದರೆ ನೋಟರಿ ಹೇಳುವುದು ಜೆರಾಕ್ಸು ಒರಿಜಿನಲ್ ಹಾಗೇ ಇದೆ ಅಂತ. ಒರಿಜಿನಲ್ಲೇ ಸುಳ್ಳಾದರೆ ಅವರೇನು ಮಾಡಿಯಾರು?

ಪರೀಕ್ಷೆ ಹೇಗೆ ಬರೆದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಸ್ಟಡಿ ಸೆಂಟರಿನವರು ಉತ್ತರವನ್ನೂ ಸೇರಿಸಿ ಅಸೈನ್‌ಮೆಂಟ್ ಕಳಿಸುತ್ತಿದ್ದರಂತೆ, ಇವನು ಕೈಯಲ್ಲಿ ಬರೆದು ಫೋಟೋ ಹಾಕುತ್ತಿದ್ದನಂತೆ. ಸೇರಿದ್ದು ನಿಜಕ್ಕೂ 2023ರಲ್ಲಿ, ಊರಿಗೆ ಬಂದ ಮೇಲೆ. “ಗ್ಯಾಪ್ ಕಾಣಬಾರದು, ಹಳೇ ವರ್ಷ ಹಾಕಿಕೊಡುತ್ತೇವೆ ಅಂದರು ಮೇಡಂ.” ನಲವತ್ತೆಂಟು ಸಾವಿರ, ಮೂರು ಕಂತು, ಮೂರೂ ಯಾರದೋ ಸ್ವಂತ ಹೆಸರಿನ ಯುಪಿಐಗೆ.

ಮೋಸಹೋದ ಅಂತ ಪೂರ್ತಿ ಹೇಳಲಾರೆ. ಹಳೇ ವರ್ಷ ಹಾಕಿಸಿಕೊಂಡಾಗಲೇ ಅವನಿಗೆ ಅರ್ಧ ಗೊತ್ತಿತ್ತು. ಎಂಬಿಎ ಆನ್‌ಲೈನ್ ಆದರೂ ಎರಡು ವರ್ಷವೇ ಬೇಕು ಅನ್ನುವುದು ಮಾತ್ರ ಗೊತ್ತಿರಲಿಲ್ಲವಂತೆ. ಮ್ಯಾನೇಜರ್ ಹತ್ತಿರ ಮಾತಾಡಿದೆ. ಆ ಹುದ್ದೆಗೆ ಎಂಬಿಎ ಬೇಕಿತ್ತು, ಹಾಗಾಗಿ ಅದು ಆಗಲಿಲ್ಲ. ಎರಡು ತಿಂಗಳ ನಂತರ ಬರೀ ಬಿ.ಕಾಂ ಕೇಳುವ ಒಂದು ಕೆಲಸ ಖಾಲಿಯಾಯಿತು. ಅವನು ಮತ್ತೆ ಅರ್ಜಿ ಹಾಕಿದ. ಈ ಸಲ ಬಯೋಡಾಟಾ ಒಂದೇ ಪುಟ. ಸಹಿ ಹಾಕುವ ಮೊದಲು ಬಿ.ಕಾಂ ಮಾರ್ಕ್ಸ್ ಕಾರ್ಡುಗಳ ನಂಬರನ್ನೂ ಒಮ್ಮೆ ಸಾಲಾಗಿ ಇಟ್ಟು ನೋಡಿದೆ. ಒಂದಕ್ಕೂ ಇನ್ನೊಂದಕ್ಕೂ ಸಾವಿರಾರು ಅಂತರ ಇತ್ತು.